ಗೇಮ್ ತುಂಬಿದ ಹಳೆಯ ಸ್ಟೀಮ್ ಅಕೌಂಟ್ ಕೊಳ್ಳಬಹುದಾ? ಬೇರೆ ದಾರಿಗಳ ಜೊತೆ ಇಟ್ಟು ನೋಡೋಣ

"ಜಿಟಿಎ 5, ರೆಡ್ ಡೆಡ್ ರಿಡೆಂಪ್ಷನ್ 2, ಎಲ್ಡನ್ ರಿಂಗ್ ಸೇರಿ ಮೂವತ್ತು ಗೇಮ್. ಫುಲ್ ಆಕ್ಸೆಸ್. ಇಮೇಲ್ ಕೂಡ ಕೊಡುತ್ತೇವೆ. 3,000 ರೂಪಾಯಿ." ಟೆಲಿಗ್ರಾಂ, ಇನ್‌ಸ್ಟಾಗ್ರಾಂ, ಡಿಸ್ಕಾರ್ಡ್ ಎಲ್ಲಿ ನೋಡಿದರೂ ಇಂಥ ಜಾಹೀರಾತು ಸಿಗುತ್ತದೆ. ಅದೇ ಗೇಮ್‌ಗಳನ್ನು ಒಂದೊಂದಾಗಿ ಕೊಂಡರೆ ಇದರ ಹತ್ತು ಪಟ್ಟು ಖರ್ಚಾಗಬಹುದು. ಹಾಗಾಗಿ ಆಸೆ ಹುಟ್ಟುವುದು ಸಹಜ. ಆದರೆ ಈ ವ್ಯವಹಾರ ಹೆಚ್ಚಿನ ಸಲ ಎರಡರಲ್ಲಿ ಒಂದು ರೀತಿ ಮುಗಿಯುತ್ತದೆ: ಅಕೌಂಟ್ ಹಳೆಯ ಮಾಲೀಕನ ಕೈಗೆ ವಾಪಸ್ ಹೋಗುತ್ತದೆ, ಇಲ್ಲವೇ ಬ್ಯಾನ್ ಬೀಳುತ್ತದೆ. ಹೀಗಾಗುವುದಕ್ಕೆ ಕಾರಣ ನಿಮ್ಮ ದುರದೃಷ್ಟ ಅಲ್ಲ, ಸ್ಟೀಮ್ ಕೆಲಸ ಮಾಡುವ ರೀತಿಯೇ ಹಾಗಿದೆ.

ನಿಮಗೆ ಸಿಗುವುದು ಪಾಸ್‌ವರ್ಡ್ ಮಾತ್ರ

ಸ್ಟೀಮ್ ನಡೆಸುವುದು ವಾಲ್ವ್ ಎನ್ನುವ ಅಮೆರಿಕದ ಕಂಪನಿ. ಅಕೌಂಟ್ ತೆರೆಯುವಾಗ ನಾವೆಲ್ಲ ಓದದೆ ಒಪ್ಪಿಕೊಳ್ಳುವ ಕರಾರಿನಲ್ಲಿ ಎರಡು ಮಾತು ಸ್ಪಷ್ಟವಾಗಿವೆ. ಗೇಮ್‌ಗಳನ್ನು ಮಾರುವುದಿಲ್ಲ, ಆಡುವ ಲೈಸೆನ್ಸ್ ಕೊಡಲಾಗುತ್ತದೆ. ಅಕೌಂಟನ್ನು ಮಾರುವಂತಿಲ್ಲ, ಬೇರೆಯವರ ಹೆಸರಿಗೆ ಮಾಡಿಕೊಡುವಂತಿಲ್ಲ, ದುಡ್ಡು ತಗೊಂಡು ಬಳಸಲು ಬಿಡುವಂತೆಯೂ ಇಲ್ಲ. 2024ರ ಅಕ್ಟೋಬರ್‌ನಿಂದ ಈ ಮಾತು ಖರೀದಿ ಮಾಡುವ ಕಾರ್ಟ್ ಪುಟದಲ್ಲೇ ಕಾಣಿಸತೊಡಗಿದೆ: ನೀವು ಪಡೆಯುತ್ತಿರುವುದು ಲೈಸೆನ್ಸ್ ಎಂದು ಅಲ್ಲಿ ಬರೆದಿರುತ್ತದೆ. ಡಿಜಿಟಲ್ ಸರಕಿನ ಮಾರಾಟದಲ್ಲಿ ಇದನ್ನು ಮುಚ್ಚಿಡಬಾರದು ಎನ್ನುವ ಕ್ಯಾಲಿಫೋರ್ನಿಯಾದ ಕಾನೂನು ಜಾರಿಗೆ ಬರುವ ಸ್ವಲ್ಪ ಮುಂಚೆ ಆದ ಬದಲಾವಣೆ ಇದು.

ಬಾಡಿಗೆಗೆ ಇರುವವನಿಂದ ಮನೆ ಕೊಂಡ ಹಾಗೆ ಅನ್ನಿ. ಬೀಗದ ಕೈ ನಿಮ್ಮ ಹತ್ತಿರ ಇರುತ್ತದೆ, ಒಳಗೆ ಹೋಗಿ ಮಲಗಲೂಬಹುದು. ಆದರೆ ಅವನು ಮಾರಿದ್ದು ಅವನದಲ್ಲದ ವಸ್ತು.

ಇದು ಅನ್ಯಾಯ ಅಂತ ಯುರೋಪಿನಲ್ಲಿ ಕೋರ್ಟಿಗೂ ಹೋಗಿದ್ದಾರೆ. 2019ರಲ್ಲಿ ಪ್ಯಾರಿಸ್‌ನ ಒಂದು ನ್ಯಾಯಾಲಯ, ಸ್ಟೀಮ್‌ನಲ್ಲಿ ಕೊಂಡ ಗೇಮನ್ನು ಗ್ರಾಹಕ ಮರುಮಾರಾಟ ಮಾಡಬಹುದು ಎಂದು ತೀರ್ಪು ಕೊಟ್ಟಿತ್ತು. 2022ರಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಡಿಜಿಟಲ್ ಗೇಮ್‌ಗೂ ಡಿಸ್ಕ್ ಹಾಗೆಯೇ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆ ಇರಬೇಕು ಅನ್ನುವುದು ನನ್ನ ಅಭಿಪ್ರಾಯವೂ ಹೌದು. ಆದರೆ ಇರಬೇಕು ಅನ್ನುವುದೇ ಬೇರೆ, ಇವತ್ತು ದುಡ್ಡು ಕೊಡುವಾಗ ಇರುವ ಸ್ಥಿತಿಯೇ ಬೇರೆ.

ಒಂದು ಮಾರಾಟ, ಮೊದಲಿಂದ ಕೊನೆವರೆಗೆ

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಹುಬ್ಬಳ್ಳಿಯ ಒಬ್ಬ ವಿದ್ಯಾರ್ಥಿ 3,000 ರೂಪಾಯಿ ಯುಪಿಐ ಮಾಡಿ, ಮೇಲೆ ಹೇಳಿದಂಥ ಅಕೌಂಟ್ ತಗೊಳ್ಳುತ್ತಾನೆ. ಹುಡುಗ ಜಾಣ. ಮೊದಲ ದಿನವೇ ಪಾಸ್‌ವರ್ಡ್ ಬದಲಿಸುತ್ತಾನೆ. ಇಮೇಲ್ ಬದಲಿಸಿ ತನ್ನದು ಹಾಕುತ್ತಾನೆ. ತನ್ನ ಮೊಬೈಲ್ ನಂಬರ್ ಸೇರಿಸಿ, ಸ್ಟೀಮ್ ಗಾರ್ಡ್ ಅನ್ನುವ ಕೋಡ್ ವ್ಯವಸ್ಥೆಯನ್ನು ತನ್ನ ಫೋನಿಗೆ ತಂದುಕೊಳ್ಳುತ್ತಾನೆ. ಇನ್ನು ಮಾರಿದವನಿಗೆ ಒಳಗೆ ಬರುವ ದಾರಿಯೇ ಇಲ್ಲ ಅಂತ ನಿರಾಳ ಆಗುತ್ತಾನೆ. ಹೆಚ್ಚಿನವರ ಲೆಕ್ಕ ತಪ್ಪುವುದು ಇಲ್ಲೇ.

ಎರಡು ತಿಂಗಳು ಕಳೆದ ಮೇಲೆ ಮಾರಿದವನು ಸ್ಟೀಮ್ ಸಪೋರ್ಟ್‌ಗೆ ಹೋಗಿ "ನನ್ನ ಅಕೌಂಟ್ ಕದ್ದಿದ್ದಾರೆ" ಅನ್ನುತ್ತಾನೆ. ಇಮೇಲ್, ಫೋನ್ ಎಲ್ಲ ಬದಲಾಗಿದೆ ಎನ್ನುವುದು ಅವನ ದೂರಿಗೆ ಅಡ್ಡಿ ಆಗುವುದಿಲ್ಲ, ಬಲವೇ ಆಗುತ್ತದೆ. ಕದ್ದವರು ಮಾಡುವುದೂ ಅದನ್ನೇ ಅಲ್ವಾ? ಸಪೋರ್ಟ್‌ನವರು ಈಗಿನ ಪಾಸ್‌ವರ್ಡ್ ಯಾರ ಬಳಿ ಇದೆ ಅಂತ ನೋಡುವುದಿಲ್ಲ. ಅಕೌಂಟ್ ಯಾರದ್ದು ಎನ್ನುವ ಪುರಾವೆ ಕೇಳುತ್ತಾರೆ. ಹಿಂದೆ ಗೇಮ್ ಕೊಳ್ಳಲು ಬಳಸಿದ ಕಾರ್ಡಿನ ವಿವರ, ಪಾವತಿಯ ದಾಖಲೆ, ಮೊದಲಿದ್ದ ಇಮೇಲ್, ಮೊದಲಿದ್ದ ಫೋನ್ ನಂಬರ್. ಅಂಗಡಿಯಿಂದ ಡಬ್ಬಿಯಲ್ಲಿ ತಂದ ಗೇಮ್ ಆಗಿದ್ದರೆ ಅದರ ಸಿಡಿ ಕೀ ಫೋಟೋ. ಇವೆಲ್ಲ ಮಾರಿದವನ ಬಳಿ ಇವೆ. ಬ್ಯಾಂಕ್ ಸ್ಟೇಟ್‌ಮೆಂಟ್ ಅವನದು, ಕಾರ್ಡ್ ಅವನದು.

ನಮ್ಮ ಹುಡುಗನ ಬಳಿ ಏನಿದೆ? ಟೆಲಿಗ್ರಾಂ ಚಾಟ್ ಮತ್ತು 3,000 ರೂಪಾಯಿ ಕಳಿಸಿದ ಸ್ಕ್ರೀನ್‌ಶಾಟ್. ಅದನ್ನು ಸಪೋರ್ಟ್‌ಗೆ ತೋರಿಸಿದರೆ ಕರಾರು ಮುರಿದು ಅಕೌಂಟ್ ಕೊಂಡೆ ಅಂತ ತಾನೇ ಬರೆದುಕೊಟ್ಟ ಹಾಗೆ. ತೋರಿಸದಿದ್ದರೆ ಬೇರೆ ಪುರಾವೆ ಇಲ್ಲ. ಒಂದು ದಿನ ಬೆಳಗ್ಗೆ ಸ್ಟೀಮ್ ತೆರೆದರೆ ಲಾಗಿನ್ ಆಗುವುದಿಲ್ಲ. ಅಷ್ಟರಲ್ಲಿ ಅವನೇ ಆ ಅಕೌಂಟಿಗೆ ಸೇಲ್‌ನಲ್ಲಿ ಇನ್ನೆರಡು ಗೇಮ್ ಸೇರಿಸಿದ್ದರೆ ಅವೂ ಹೋದವು. ಮಾರಿದವನು ಅದೇ ಅಕೌಂಟನ್ನು ಇನ್ನೊಬ್ಬನಿಗೆ ಮಾರುತ್ತಾನೆ, ಈ ಸಲ ಎರಡು ಗೇಮ್ ಜಾಸ್ತಿ.

"ಒರಿಜಿನಲ್ ಇಮೇಲ್ ಕೂಡ ಕೊಡುತ್ತೇವೆ" ಎನ್ನುವ ಭರವಸೆಯೂ ಇಷ್ಟೇ. ಆ ಇಮೇಲ್ ತೆರೆದವನೂ ಅವನೇ. ಹಳೆಯ ಫೋನ್ ನಂಬರ್, ಹಳೆಯ ಸಾಧನ ಹಿಡಿದು ಅದನ್ನೂ ವಾಪಸ್ ಪಡೆಯಲು ಅವನಿಗೆ ದಾರಿ ಇದೆ. "ಲೈಫ್‌ಟೈಮ್ ವಾರಂಟಿ" ಅಂದರೆ ಆ ಟೆಲಿಗ್ರಾಂ ಚಾನೆಲ್ ಇರುವ ತನಕ.

ಇನ್ನೂ ಒಂದು ಸಾಧ್ಯತೆ ಇದೆ. ಮಾರಿದವನು ಪ್ರಾಮಾಣಿಕನೇ ಇರಬಹುದು, ಆದರೆ ಅಕೌಂಟ್ ಅವನದಾಗಿರದೆ ಇರಬಹುದು. ಇಂಥ ಅಗ್ಗದ ಅಕೌಂಟ್‌ಗಳಲ್ಲಿ ಕದ್ದವೂ ಬರುತ್ತವೆ. ನಕಲಿ ಲಾಗಿನ್ ಪುಟ ತೋರಿಸಿಯೋ, ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಜೊತೆ ಬಂದ ಮಾಲ್‌ವೇರ್ ಮೂಲಕವೋ ಯಾರದೋ ಲಾಗಿನ್ ಎತ್ತಿರುತ್ತಾರೆ. ಅದು ಎರಡು ಮೂರು ಕೈ ದಾಟಿ ನಿಮಗೆ ಬರುತ್ತದೆ. ನಿಜವಾದ ಮಾಲೀಕ ಎಲ್ಲೋ ಪೋಲೆಂಡ್‌ನಲ್ಲೋ ಬ್ರೆಜಿಲ್‌ನಲ್ಲೋ ಆಗಲೇ ಸಪೋರ್ಟ್‌ಗೆ ದೂರು ಬರೆಯುತ್ತಿರುತ್ತಾನೆ.

ಬ್ಯಾನ್ ಬರುವ ದಾರಿ ಬೇರೆ

ಅಕೌಂಟ್ ವಾಪಸ್ ಹೋಗುವುದಕ್ಕೆ ಹಳೆಯ ಮಾಲೀಕ ಏನಾದರೂ ಮಾಡಬೇಕು. ಬ್ಯಾನ್ ಬೀಳುವುದಕ್ಕೆ ಅವನು ಆಗಲೇ ಮಾಡಿಟ್ಟದ್ದೇ ಸಾಕು.

ವ್ಯಾಕ್ ಅನ್ನುವುದು ವಾಲ್ವ್‌ನ ಚೀಟ್ ಹಿಡಿಯುವ ವ್ಯವಸ್ಥೆ. ಕೌಂಟರ್ ಸ್ಟ್ರೈಕ್ 2 ಆಡುವವರಿಗೆ ಗೊತ್ತೇ ಇರುತ್ತದೆ. ಇದರ ಸ್ವಭಾವ ಏನೆಂದರೆ, ಚೀಟ್ ಸಿಕ್ಕ ಕ್ಷಣವೇ ಬ್ಯಾನ್ ಹಾಕಬೇಕೆಂದಿಲ್ಲ. ಚೀಟ್ ಬರೆಯುವವರಿಗೆ ಯಾವಾಗ, ಹೇಗೆ ಸಿಕ್ಕಿಬಿದ್ದೆವು ಅಂತ ತಿಳಿಯಬಾರದು ಎಂದು ಬೇಕಂತಲೇ ತಡ ಮಾಡಿ, ಒಟ್ಟಿಗೆ ಹಲವರನ್ನು ಬ್ಯಾನ್ ಮಾಡುವುದಿದೆ. ಹಾಗಾಗಿ ಇವತ್ತು ಪ್ರೊಫೈಲ್ ಶುದ್ಧವಾಗಿ ಕಂಡರೂ ಏನೂ ಖಾತ್ರಿ ಇಲ್ಲ. ತಾನು ಚೀಟ್ ಬಳಸಿದ್ದು ಗೊತ್ತಿರುವವನೇ ಬೇಗ ಬೇಗ ಮಾರಲು ಬರುತ್ತಾನೆ. ಬ್ಯಾನ್ ಬಿದ್ದ ಮೇಲೆ ಅದು ಶಾಶ್ವತ, ಮನವಿ ಮಾಡಿದರೂ ತೆಗೆಯುವುದಿಲ್ಲ. ಪ್ರೊಫೈಲ್ ಮೇಲೆ ಎಲ್ಲರಿಗೂ ಕಾಣುತ್ತದೆ. "ಆಗ ಆಡಿದ್ದು ನಾನಲ್ಲ" ಎಂಬ ಮಾತು ನಡೆಯುವುದಿಲ್ಲ, ಏಕೆಂದರೆ ಅಕೌಂಟಲ್ಲಿ ಆದದ್ದಕ್ಕೆಲ್ಲ ಅಕೌಂಟೇ ಹೊಣೆ.

ಇದರಲ್ಲಿ ಹುಷಾರಾಗಿರಬೇಕಾದ ಒಂದು ಸಣ್ಣ ವಿಷಯ ಇದೆ. ನಿಮ್ಮ ಸ್ವಂತ ಅಕೌಂಟಿನಲ್ಲಿರುವ ಫೋನ್ ನಂಬರನ್ನೇ ಕೊಂಡ ಅಕೌಂಟಿಗೂ ಸೇರಿಸುತ್ತೀರಿ ಅನ್ನಿ. ವ್ಯಾಕ್ ನಿಯಮದ ಪ್ರಕಾರ, ಚೀಟ್ ನಡೆದ ಸಮಯದಲ್ಲಿ ಒಂದೇ ನಂಬರ್ ಹಂಚಿಕೊಂಡಿರುವ ಅಕೌಂಟ್‌ಗಳಿಗೂ ಬ್ಯಾನ್ ತಗಲುತ್ತದೆ. ಮಾರಿದವನು ಇನ್ನೂ ಎಲ್ಲೋ ಒಂದು ಕಂಪ್ಯೂಟರಿನಲ್ಲಿ ಲಾಗಿನ್ ಆಗಿದ್ದು, ಚೀಟ್ ಹಾಕಿ ಆಡಿದರೆ ನಿಮ್ಮ ಸ್ವಂತ ಅಕೌಂಟಿಗೂ ಜೊತೆಗೆ ಬ್ಯಾನ್ ಬೀಳಬಹುದು.

ಇನ್ನೊಂದು ದಾರಿ ಪಾವತಿಯದು. ಕದ್ದ ಕಾರ್ಡಿನಿಂದ ಗೇಮ್ ಕೊಂಡು ತುಂಬಿಸಿದ ಅಕೌಂಟ್ ಇರುತ್ತದೆ. ಕಾರ್ಡಿನ ಮಾಲೀಕ ಬ್ಯಾಂಕಿಗೆ ದೂರು ಕೊಟ್ಟು ಹಣ ವಾಪಸ್ ಪಡೆದಾಗ ಸ್ಟೀಮ್ ಆ ಗೇಮ್‌ಗಳನ್ನು ಕಿತ್ತುಕೊಂಡು ಅಕೌಂಟಿಗೆ ನಿರ್ಬಂಧ ಹಾಕುತ್ತದೆ. ಕಾರ್ಡಿನ ದೂರಿಗೆ ವಾರಗಳು, ಕೆಲವೊಮ್ಮೆ ತಿಂಗಳುಗಳು ಹಿಡಿಯುತ್ತವೆ. ನೀವು ಕೊಂಡ ದಿನ ಎಲ್ಲ ಸರಿಯಾಗಿಯೇ ಇರುತ್ತದೆ.

ಕೊಳ್ಳುವ ಮುಂಚೆ ಏನಾದರೂ ನೋಡಿ ತಿಳಿಯಬಹುದಾ? ಸ್ವಲ್ಪ ತಿಳಿಯಬಹುದು. `store.steampowered.com/account/licenses` ಪುಟದಲ್ಲಿ ಪ್ರತಿ ಗೇಮ್ ಯಾವ ದಿನ, ಯಾವ ಬಗೆಯಲ್ಲಿ ಅಕೌಂಟಿಗೆ ಬಂತು ಎಂದು ಇರುತ್ತದೆ. ಎದುರಿಗೆ `Steam Store` ಅಂತ ಇದ್ದರೆ ಸ್ಟೀಮ್‌ನಲ್ಲೇ ಕೊಂಡದ್ದು, `Retail` ಅಂತ ಇದ್ದರೆ ಹೊರಗಿನಿಂದ ತಂದ ಕೀ ಹಾಕಿದ್ದು. ದುಬಾರಿ ಗೇಮ್‌ಗಳೆಲ್ಲ ಒಂದೇ ವಾರದಲ್ಲಿ ಸೇರಿವೆ, ಅದಕ್ಕಿಂತ ಮುಂಚೆ ವರ್ಷಗಟ್ಟಲೆ ಏನೂ ಇಲ್ಲ ಅಂದರೆ ಅನುಮಾನಪಡಬೇಕು. ಆದರೆ ಈ ಪುಟ ನೋಡಬೇಕಾದರೆ ಲಾಗಿನ್ ಬೇಕು, ಲಾಗಿನ್ ಸಿಗುವುದು ದುಡ್ಡು ಕೊಟ್ಟ ಮೇಲೆ. ಮಾರುವವನು ಕಳಿಸುವ ಸ್ಕ್ರೀನ್‌ಶಾಟ್ ನಂಬಿ ಪ್ರಯೋಜನ ಇಲ್ಲ. ಎಲ್ಲ ಸರಿಯಾಗಿ ಕಂಡರೂ ಹಳೆಯ ಮಾಲೀಕ ವಾಪಸ್ ಕೇಳುವುದಿಲ್ಲ ಅಂತ ಯಾವ ಪುಟವೂ ಹೇಳುವುದಿಲ್ಲ.

ಜಿಟಿಎ 5ಕ್ಕೆ ಎರಡನೇ ಬೀಗ

ಮೂವತ್ತು ಗೇಮ್ ಅಂದಾಗ ಬಹಳ ಜನರ ಕಣ್ಣು ಹೋಗುವುದು ಜಿಟಿಎ 5ರ ಮೇಲೆ. ಅದು ಸ್ಟೀಮ್ ಒಂದರಿಂದಲೇ ನಡೆಯುವುದಿಲ್ಲ. ರಾಕ್‌ಸ್ಟಾರ್ ಕಂಪನಿಯ ಇನ್ನೊಂದು ಅಕೌಂಟ್ ಬೇಕು, ಮೊದಲ ಸಲ ಆಡಿದವನ ರಾಕ್‌ಸ್ಟಾರ್ ಅಕೌಂಟಿಗೆ ಆ ಸ್ಟೀಮ್ ಪ್ರತಿ ಅಂಟಿಕೊಂಡಿರುತ್ತದೆ. ಸ್ಟೀಮ್ ಪಾಸ್‌ವರ್ಡ್ ಸಿಕ್ಕರೂ ರಾಕ್‌ಸ್ಟಾರ್ ಲಾಗಿನ್ ಸಿಗದಿದ್ದರೆ ಗೇಮ್ ಇದ್ದೂ ಇಲ್ಲದ ಹಾಗೆ. ಸಿಕ್ಕರೂ, ಅಲ್ಲಿ ಆನ್‌ಲೈನ್ ಆಟಕ್ಕೆ ಹಿಂದೆಯೇ ಬ್ಯಾನ್ ಬಿದ್ದಿರಬಹುದು. ಸ್ಟೀಮ್ ಪ್ರೊಫೈಲಿನಲ್ಲಿ ಅದು ಕಾಣಬೇಕೆಂದೇನೂ ಇಲ್ಲ. ಇಎ, ಯೂಬಿಸಾಫ್ಟ್ ಗೇಮ್‌ಗಳಿಗೂ ಹೀಗೆ ಬೇರೆ ಬೇರೆ ಅಕೌಂಟ್ ಇರುತ್ತವೆ. ಒಂದು ಅಕೌಂಟ್ ಕೊಂಡೆ ಅಂದುಕೊಂಡವರು ನಿಜವಾಗಿ ಮೂರು ನಾಲ್ಕು ಅಕೌಂಟ್‌ಗಳ ಹಂಗಿಗೆ ಬೀಳುತ್ತಾರೆ.

ಹಾಗಾದರೆ ಕಡಿಮೆ ದುಡ್ಡಿಗೆ ಬೇರೆ ಏನಿದೆ?

ಮೊದಲು, ಇದೇ ಮಾರಾಟಗಾರರು ತೋರಿಸುವ ಇನ್ನೊಂದು ಸರಕು: "ಆಫ್‌ಲೈನ್ ಅಕೌಂಟ್". 200, 300 ರೂಪಾಯಿಗೆ ಒಂದು ಲಾಗಿನ್ ಕೊಡುತ್ತಾರೆ. ಗೇಮ್ ಇಳಿಸಿಕೊಂಡು, ಸ್ಟೀಮನ್ನು ಆಫ್‌ಲೈನ್ ಮಾಡಿ ಆಡಬೇಕು. ಒಂದೇ ಅಕೌಂಟ್ ನೂರಾರು ಜನರ ಕೈಯಲ್ಲಿರುತ್ತದೆ. ಇದೂ ಕರಾರಿಗೆ ವಿರುದ್ಧವೇ. ಅದನ್ನು ಬಿಟ್ಟರೂ ಒಂದು ತಾಂತ್ರಿಕ ತೊಡಕು ಇದೆ. ಹೊಸ ದೊಡ್ಡ ಗೇಮ್‌ಗಳಲ್ಲಿ ಹಲವಕ್ಕೆ ಡೆನುವೊ ಎನ್ನುವ ಕಾವಲು ಇರುತ್ತದೆ. ಅದು ಒಂದು ಪ್ರತಿಯನ್ನು 24 ಗಂಟೆಯಲ್ಲಿ ಸಾಮಾನ್ಯವಾಗಿ ಐದು ಕಂಪ್ಯೂಟರಿಗೆ ಮಾತ್ರ ಒಪ್ಪುತ್ತದೆ. ಅದಕ್ಕೇ ಆ ಮಾರಾಟಗಾರರು "ನಾಳೆ ಬನ್ನಿ, ಇವತ್ತಿನ ಸ್ಲಾಟ್ ಮುಗಿಯಿತು" ಅನ್ನುತ್ತಿರುತ್ತಾರೆ. ಒಮ್ಮೆ ಒಪ್ಪಿಗೆ ಸಿಕ್ಕರೂ ಗೇಮ್‌ಗೆ ಅಪ್‌ಡೇಟ್ ಬಂದಾಗ ಅಥವಾ ವಿಂಡೋಸ್ ದೊಡ್ಡದಾಗಿ ಬದಲಾದಾಗ ಮತ್ತೆ ಒಪ್ಪಿಗೆ ಕೇಳಬಹುದು. ಅಷ್ಟೊತ್ತಿಗೆ ಪಾಸ್‌ವರ್ಡ್ ಬದಲಾಗಿರುತ್ತದೆ. ಅರ್ಧ ಆಡಿದ ಕಥೆ ಅಲ್ಲಿಗೇ ನಿಲ್ಲುತ್ತದೆ.

ಇನ್ನು ಅಗ್ಗದ ಕೀ. ಇಲ್ಲಿ ಅಕೌಂಟ್ ನಿಮ್ಮದೇ, ಗೇಮ್ ಮಾತ್ರ ಹೊರಗಿನಿಂದ. ಹಂಬಲ್, ಫನಾಟಿಕಲ್, ಗ್ರೀನ್ ಮ್ಯಾನ್ ಗೇಮಿಂಗ್ ಥರದ ಅಂಗಡಿಗಳು ಗೇಮ್ ಕಂಪನಿಗಳಿಂದ ಅಧಿಕೃತವಾಗಿ ಕೀ ತರುತ್ತವೆ, ಅಲ್ಲಿ ಧೈರ್ಯವಾಗಿ ಕೊಳ್ಳಬಹುದು. ಯಾರು ಬೇಕಾದರೂ ಕೀ ತಂದು ಮಾರುವ ಸಂತೆಯಂಥ ಸೈಟುಗಳಲ್ಲಿ ಕೀ ಎಲ್ಲಿಂದ ಬಂತು ಅಂತ ತಿಳಿಯುವುದಿಲ್ಲ. 2015ರ ಜನವರಿಯಲ್ಲಿ ಯೂಬಿಸಾಫ್ಟ್, ಕದ್ದ ಕಾರ್ಡಿನಿಂದ ಕೊಂಡು ಮರುಮಾರಾಟವಾದ ಫಾರ್ ಕ್ರೈ 4 ಮುಂತಾದ ಗೇಮ್‌ಗಳ ಕೀಗಳನ್ನು ಒಮ್ಮೆಲೇ ರದ್ದು ಮಾಡಿತ್ತು. ಗಲಾಟೆ ಆದ ಮೇಲೆ, ಆಗಲೇ ಆಡಲು ಶುರು ಮಾಡಿದ್ದವರಿಗೆ ವಾಪಸ್ ಕೊಟ್ಟಿತು. ಆದರೂ ಗಮನಿಸಿ: ಅಂಥ ಕೀ ರದ್ದಾದರೆ ಸಾಮಾನ್ಯವಾಗಿ ಹೋಗುವುದು ಒಂದು ಗೇಮ್. ಕೊಂಡ ಅಕೌಂಟ್ ಹೋದರೆ ಹೋಗುವುದು ಎಲ್ಲವೂ.

ನನ್ನ ಮಟ್ಟಿಗೆ, ಜಾಸ್ತಿ ಗೇಮ್ ಕಡಿಮೆ ದುಡ್ಡಿಗೆ ಬೇಕು ಅನ್ನುವವರಿಗೆ ಒಳ್ಳೆಯ ಉತ್ತರ ಸ್ಟೀಮ್ ಫ್ಯಾಮಿಲಿ. 2024ರ ಸೆಪ್ಟೆಂಬರ್‌ನಿಂದ ಎಲ್ಲರಿಗೂ ಸಿಗುತ್ತಿದೆ. ಒಂದು ಮನೆಯ ಆರು ಜನರವರೆಗೆ ಸೇರಬಹುದು. ಅಣ್ಣನ ಬಳಿ ಇರುವ ಗೇಮನ್ನು ತಂಗಿ ತನ್ನದೇ ಅಕೌಂಟಿನಲ್ಲಿ ಆಡಬಹುದು, ಅವಳ ಸೇವ್ ಫೈಲ್ ಅವಳದೇ. ಅಣ್ಣ ಅದೇ ಹೊತ್ತಿನಲ್ಲಿ ಬೇರೆ ಗೇಮ್ ಆಡಬಹುದು. ಒಂದೇ ಗೇಮನ್ನು ಇಬ್ಬರೂ ಒಟ್ಟಿಗೆ ಆಡಬೇಕಾದರೆ ಮಾತ್ರ ಎರಡು ಪ್ರತಿ ಬೇಕು. ಸ್ಟೀಮ್ ಜೊತೆಗೆ ಬೇರೆ ಕಂಪನಿಯ ಅಕೌಂಟೂ ಕೇಳುವ ಕೆಲವು ಗೇಮ್‌ಗಳು ಹಂಚಿಕೆಗೆ ಸಿಗುವುದಿಲ್ಲ.

ಇಲ್ಲಿಯೂ ಮಿತಿಗಳಿವೆ, ಮತ್ತು ಅವು ಮುಖ್ಯ. ನಿಮ್ಮ ಗೇಮನ್ನು ಆಡುತ್ತಾ ಮನೆಯವರೊಬ್ಬರು ಚೀಟ್ ಮಾಡಿ ಸಿಕ್ಕಿಬಿದ್ದರೆ, ಆ ಗೇಮ್‌ನಲ್ಲಿ ನಿಮಗೂ ಬ್ಯಾನ್. ಇನ್ನೊಂದು, ದೊಡ್ಡವರು ಒಂದು ಫ್ಯಾಮಿಲಿ ಬಿಟ್ಟರೆ, ಅದಕ್ಕೆ ಸೇರಿದ ದಿನದಿಂದ ಒಂದು ವರ್ಷ ಆಗುವ ತನಕ ಇನ್ನೊಂದಕ್ಕೆ ಸೇರಲಾಗುವುದಿಲ್ಲ. ಖಾಲಿಯಾದ ಜಾಗಕ್ಕೂ ಅಂಥದೇ ಕಾಯುವಿಕೆ ಇದೆ. ಇದನ್ನು ತಿಳಿಯದೆ ಟೆಲಿಗ್ರಾಂನಲ್ಲಿ "ಫ್ಯಾಮಿಲಿ ಸ್ಲಾಟ್" ಕೊಳ್ಳುವವರಿದ್ದಾರೆ. ಗೊತ್ತಿಲ್ಲದವರ ಫ್ಯಾಮಿಲಿಗೆ ದುಡ್ಡು ಕೊಟ್ಟು ಸೇರಿ, ವಾರದಲ್ಲೇ ಹೊರಗೆ ಹಾಕಿಸಿಕೊಂಡರೆ, ಸ್ವಂತ ಅಣ್ಣನ ಫ್ಯಾಮಿಲಿಗೂ ಸೇರಲಾಗದೆ ಸುಮ್ನೆ ಕೂರಬೇಕು.

ಒಂದಿಷ್ಟು ಗೇಮ್ ಆಡಿ ಬಿಡುವವರಿಗೆ ಪಿಸಿ ಗೇಮ್ ಪಾಸ್ ಥರದ ಚಂದಾ ಸಾಕು. ದುಡ್ಡು ಕಟ್ಟುವುದು ನಿಲ್ಲಿಸಿದರೆ ಗೇಮೂ ನಿಲ್ಲುತ್ತದೆ ಅಂತ ಮೊದಲೇ ಗೊತ್ತಿರುತ್ತದೆ, ಮೋಸ ಇಲ್ಲ. ಎಪಿಕ್ ಸ್ಟೋರ್ ವಾರವಾರ ಉಚಿತವಾಗಿ ಗೇಮ್ ಕೊಡುತ್ತದೆ, ತಪ್ಪದೆ ಸೇರಿಸಿಕೊಳ್ಳುತ್ತಾ ಹೋದರೆ ವರ್ಷದಲ್ಲಿ ಒಳ್ಳೆಯ ಸಂಗ್ರಹ ಆಗುತ್ತದೆ. ಸ್ಟೀಮ್‌ನಲ್ಲೇ ಕೊಳ್ಳುವುದಾದರೆ ಜೂನ್ ಕೊನೆಯ ಸಮ್ಮರ್ ಸೇಲ್ ಅಥವಾ ಡಿಸೆಂಬರ್ ಸೇಲ್‌ವರೆಗೆ ಕಾಯಿರಿ. ಹಳೆಯ ದೊಡ್ಡ ಗೇಮ್‌ಗಳು ಅರ್ಧಕ್ಕಿಂತ ಕೆಳಗೆ ಇಳಿಯುವುದು ಮಾಮೂಲು. ಕೊಂಡು 14 ದಿನದೊಳಗೆ, 2 ಗಂಟೆಗಿಂತ ಕಡಿಮೆ ಆಡಿದ್ದರೆ ಹಣ ವಾಪಸ್ ಸಿಗುತ್ತದೆ. ಹಳೆಯ ಅಕೌಂಟ್ ಮಾರುವವನು ಇದನ್ನಂತೂ ಕೊಡಲಾರ.

ನಿಜವಾದ ಸೆಕೆಂಡ್ ಹ್ಯಾಂಡ್ ಗೇಮೇ ಬೇಕು ಅಂದರೆ ಅದು ಇರುವುದು ಡಿಸ್ಕ್‌ನಲ್ಲಿ. ಪ್ಲೇಸ್ಟೇಷನ್ ಡಿಸ್ಕ್ ಕೊಂಡು, ಆಡಿ, ಮತ್ತೆ ಮಾರಬಹುದು. ಬೆಂಗಳೂರಿನ ಗಾಂಧಿನಗರದ ನ್ಯಾಷನಲ್ ಮಾರ್ಕೆಟ್‌ಗೆ ಜನ ಗೇಮ್ ಹುಡುಕಿಕೊಂಡು ಹೋಗುತ್ತಿದ್ದದ್ದೂ ಇಂಥ ಕಾರಣಕ್ಕೇ. ಡಿಸ್ಕ್ ಯಾರ ಕೈಯಲ್ಲಿದೆಯೋ ಆಡುವ ಹಕ್ಕು ಅವರದು, ಹಳೆಯ ಮಾಲೀಕ ಮನೆಯಲ್ಲಿ ಕೂತು ವಾಪಸ್ ಕಿತ್ತುಕೊಳ್ಳಲಾರ. ನೋಡಿಕೊಳ್ಳಬೇಕಾದದ್ದು ಮೂರು: ನಿಮ್ಮ ಕನ್ಸೋಲಿನಲ್ಲಿ ಡಿಸ್ಕ್ ಡ್ರೈವ್ ಇದೆಯಾ, ಡಬ್ಬಿಯೊಳಗೆ ಡಿಸ್ಕ್ ಇದೆಯಾ ಅಥವಾ ಬರೀ ಡೌನ್‌ಲೋಡ್ ಕೋಡ್ ಚೀಟಿಯಾ, ಮತ್ತು ಹಿಂಬದಿ ಗೀರು ಬಿದ್ದಿದೆಯಾ. ಜೊತೆಗೆ ಬರುವ ಬೋನಸ್ ಕೋಡ್ ಹಿಂದಿನವರು ಬಳಸಿ ಮುಗಿಸಿರುತ್ತಾರೆ, ಅದಕ್ಕೆ ಬೆಲೆ ಕಟ್ಟಬೇಡಿ.

ಆಗಲೇ ಕೊಂಡುಬಿಟ್ಟಿದ್ದರೆ

ಆ ಅಕೌಂಟಿನಲ್ಲಿ ನಿಮ್ಮ ಕಾರ್ಡ್ ಉಳಿಸಬೇಡಿ, ವಾಲೆಟ್‌ಗೆ ದುಡ್ಡು ಹಾಕಬೇಡಿ, ಹೊಸ ಗೇಮ್ ಕೊಳ್ಳಬೇಡಿ. ಮುಂದೆ ಏನೇ ಕೊಂಡರೂ ಹೊಸದಾಗಿ ತೆರೆದ ನಿಮ್ಮದೇ ಅಕೌಂಟಿನಲ್ಲಿ ಕೊಳ್ಳಿ. ನಿಮ್ಮ ಮುಖ್ಯ ಫೋನ್ ನಂಬರ್ ಅದಕ್ಕೆ ಸೇರಿಸಿದ್ದರೆ ತೆಗೆಯಿರಿ. ಅಲ್ಲಿ ಹಾಕಿದ ಪಾಸ್‌ವರ್ಡ್ ಬೇರೆಲ್ಲಾದರೂ ಬಳಸಿದ್ದರೆ ಅಲ್ಲೂ ಬದಲಿಸಿ. ಆಡಿದ ಗೇಮ್‌ನ ಸೇವ್ ಫೈಲ್ ಬಹುಪಾಲು ಕಂಪ್ಯೂಟರಿನ `Documents` ಅಥವಾ `AppData` ಫೋಲ್ಡರಿನಲ್ಲಿರುತ್ತದೆ, ಅದನ್ನು ಈಗಲೇ ಬೇರೆ ಕಡೆ ಕಾಪಿ ಮಾಡಿಡಿ. ಮುಂದೆ ಗೇಮನ್ನು ಸರಿಯಾಗಿ ಕೊಂಡಾಗ ಹಲವು ಗೇಮ್‌ಗಳಲ್ಲಿ ಆಟ ನಿಲ್ಲಿಸಿದ ಕಡೆಯಿಂದಲೇ ಮುಂದುವರಿಸಬಹುದು.

ದುಡ್ಡು ತಗೊಂಡು ಲಾಗಿನ್ನೇ ಕೊಡದೆ ಮಾಯವಾದರೆ, ಅಥವಾ ಎರಡೇ ದಿನಕ್ಕೆ ಕಿತ್ತುಕೊಂಡರೆ, 1930 ನಂಬರಿಗೆ ಕರೆ ಮಾಡಿ ಅಥವಾ `cybercrime.gov.in` ನಲ್ಲಿ ದೂರು ಕೊಡಿ. ಬೇಗ ಕೊಟ್ಟಷ್ಟೂ ಒಳ್ಳೆಯದು, ಹಣ ಮುಂದಿನ ಖಾತೆಗೆ ದಾಟುವ ಮುಂಚೆ ತಡೆಹಿಡಿಯುವ ಅವಕಾಶ ಇರುತ್ತದೆ. ಯುಪಿಐ ವ್ಯವಹಾರದ ಸಂಖ್ಯೆ, ಚಾಟ್, ಪ್ರೊಫೈಲ್ ಲಿಂಕ್ ಇಟ್ಟುಕೊಂಡಿರಿ. ಚಾಟ್ ಮಾತ್ರ ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ, ಟೆಲಿಗ್ರಾಂನಲ್ಲಿ ಎದುರಿನವನು ಅದನ್ನು ನಿಮ್ಮ ಕಡೆಯಿಂದಲೂ ಅಳಿಸಿಬಿಡಬಹುದು.